ಹಾಳೆಯ ಮೇಲೊಂದು ಫೋನು

ನಮಸ್ಕಾರ. ನಾನು ಬೆಂಗಳೂರಿನ ಬನಶಂಕರಿಯಲ್ಲಿ ಮನೆಯಲ್ಲೇ ಕೂತು ಹೈಸ್ಕೂಲ್ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಅರ್ಧದಷ್ಟು ಮಕ್ಕಳು ಆನ್‌ಲೈನಿನಲ್ಲೇ ಇದ್ದಾರೆ. ಒಬ್ಬಳು ಯಲಹಂಕದವಳು. ಸಂಜೆ ಆರು ಗಂಟೆಗೆ ಯಲಹಂಕದಿಂದ ಬನಶಂಕರಿಗೆ ಬಂದು, ಒಂದು ಗಂಟೆ ಪಾಠ ಕೇಳಿ, ಮತ್ತೆ ವಾಪಸ್ ಹೋಗೋದು ಯಾವ ಮಗುವಿಗೂ ಆಗದ ಕೆಲಸ, ಅಲ್ವಾ? ಅದಕ್ಕೇ ಫೋನಿಗೆ ಒಂದು ಸ್ಟ್ಯಾಂಡ್ ತಂದೆ. ಮೇಲಿಂದ ಕತ್ತು ಬಗ್ಗಿಸಿ ಫೋನನ್ನು ಹಿಡಿದುಕೊಳ್ಳುತ್ತದಲ್ಲ, ಅಂಥದ್ದು. ಕೆಳಗೆ ಹಾಳೆ, ಮೇಲೆ ಫೋನು. ನಾನು ಬರೆದಿದ್ದು ಮಕ್ಕಳಿಗೆ ಕಾಣುತ್ತದೆ. ಸ್ಟ್ಯಾಂಡ್ ಸಿಕ್ಕಿಸಿದರೆ ಕೆಲಸ ಮುಗೀತು ಅಂತಲೇ ನಾನೂ ಅಂದುಕೊಂಡಿದ್ದೆ. ಎಲ್ಲಿ ತಪ್ಪಿದೆ ಅನ್ನೋದು ಗೊತ್ತಾಗೋಕೆ ಮೂರು ವಾರ ಬೇಕಾಯಿತು.

ಆಗಿದ್ದು ಇಷ್ಟು. ಆ ಯಲಹಂಕದ ಹುಡುಗಿಗೆ ವರ್ಗ ಸಮೀಕರಣ ಮಾಡಿಸುತ್ತಿದ್ದೆ. ಎಕ್ಸ್ ವರ್ಗ ಮೈನಸ್ ಐದು ಎಕ್ಸ್ ಪ್ಲಸ್ ಆರು, ಇದು ಸೊನ್ನೆಗೆ ಸಮ. ಉತ್ತರ ಎರಡು ಮತ್ತು ಮೂರು ಬರಬೇಕು. ಅವಳಿಗೆ ಮೈನಸ್ ಎರಡು, ಮೈನಸ್ ಮೂರು ಬಂತು. ಮುಂದಿನ ಲೆಕ್ಕದಲ್ಲೂ ಚಿಹ್ನೆಯೇ ತಪ್ಪು, ಅದರ ಮುಂದಿನದರಲ್ಲೂ ಅದೇ. ಚಿಹ್ನೆಯ ವಿಷಯದಲ್ಲಿ ಈ ಮಗು ಹಿಂದಿದೆ ಅಂದುಕೊಂಡು ಎರಡು ದಿನ ಬರೀ ಪ್ಲಸ್ಸು ಮೈನಸ್ಸನ್ನೇ ತಿದ್ದಿಸಿದೆ. ಪಾಪ, ಅವಳೂ ಸುಮ್ನೆ ಮಾಡಿದಳು. ಕೊನೆಗೊಂದು ದಿನ ಕೇಳಿದೆ, "ನಿನಗೆ ನನ್ನ ಹಾಳೆ ಹೇಗೆ ಕಾಣ್ತಿದೆಯೋ ಹಾಗೇ ಒಂದು ಸ್ಕ್ರೀನ್‌ಶಾಟ್ ತೆಗೆದು ಕಳಿಸಮ್ಮ" ಅಂತ. ಬಂದ ಚಿತ್ರ ನೋಡಿದರೆ ಐದರ ಹಿಂದೆ ಮೈನಸ್ಸೇ ಇಲ್ಲ! ಅಲ್ಲೊಂದು ಖಾಲಿ ಜಾಗ ಇತ್ತು, ಅವಳು ಅದನ್ನು ಪ್ಲಸ್ ಅಂದುಕೊಂಡಿದ್ದಳು. ಅವಳು ಮಾಡಿದ ಲೆಕ್ಕ ಸರಿಯಾಗಿಯೇ ಇತ್ತು, ನಾನು ತೋರಿಸಿದ ಲೆಕ್ಕವೇ ಬೇರೆಯಾಗಿತ್ತು.

ಮೈನಸ್ ಎಲ್ಲಿಗೆ ಹೋಯಿತು? ನಾನು ಬರೆಯುತ್ತಿದ್ದದ್ದು ಗೆರೆ ಇರುವ ಹಾಳೆಯಲ್ಲಿ. ಮೈನಸ್ ಕೂಡ ಅಡ್ಡಗೆರೆಯೇ ತಾನೆ. ಹಾಳೆಯ ಗೆರೆಗೆ ಹತ್ತಿರ ಬಂದರೆ ಎರಡೂ ಕೂಡಿಕೊಂಡುಬಿಡುತ್ತವೆ. ಕಣ್ಣೆದುರಿನ ಹಾಳೆಯಲ್ಲಿ ಶಾಯಿ ಬೇರೆ, ಗೆರೆ ಬೇರೆ ಅಂತ ಚೆನ್ನಾಗಿ ಗೊತ್ತಾಗುತ್ತದೆ. ಆದರೆ ನೆಟ್ ಮೂಲಕ ಹೋಗುವಾಗ ವಿಡಿಯೊವನ್ನು ಹಿಂಡಿ ಸಣ್ಣದು ಮಾಡಿ ಕಳಿಸುತ್ತಾರೆ, ಆಗ ಮೊದಲು ಹೋಗೋದೇ ಇಂಥ ತೆಳು ಗೆರೆಗಳು. ಅವತ್ತಿನಿಂದ ಗೆರೆ ಇಲ್ಲದ ಬಿಳಿ ಹಾಳೆ, ದಪ್ಪ ಮೊನೆಯ ಕಪ್ಪು ಜೆಲ್ ಪೆನ್ನು. ಪೆನ್ಸಿಲ್ ಮುಟ್ಟೋದಿಲ್ಲ.

ಆದರೆ ದೊಡ್ಡ ತಪ್ಪು ಎತ್ತರದ್ದು. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಇಡೀ ಎ4 ಹಾಳೆ ಒಟ್ಟಿಗೆ ಕಾಣಲಿ ಅನ್ನೋದು ನನ್ನ ಆಸೆಯಾಗಿತ್ತು. ಅದಕ್ಕೆ ಫೋನನ್ನು ಸುಮಾರು ಒಂದೂವರೆ ಅಡಿ ಮೇಲೆ ಏರಿಸಿದ್ದೆ. ಎ4 ಹಾಳೆ 21 ಸೆಂಟಿಮೀಟರ್ ಅಗಲ, ಹೆಚ್ಚುಕಡಿಮೆ 30 ಸೆಂಟಿಮೀಟರ್ ಉದ್ದ. ವಿಡಿಯೊ ಚೌಕಟ್ಟು ಅಡ್ಡ ಉದ್ದ: ಅಗಲ 16 ಭಾಗ ಇದ್ದರೆ ಎತ್ತರ 9 ಭಾಗ ಮಾತ್ರ. ಆ ಎತ್ತರದೊಳಗೆ 30 ಸೆಂಟಿಮೀಟರ್ ಹಾಳೆಯನ್ನು ನಿಲ್ಲಿಸಬೇಕು ಅಂದರೆ ಚೌಕಟ್ಟಿನ ಅಗಲ 53 ಸೆಂಟಿಮೀಟರ್ ಆಗುತ್ತದೆ. ಹಾಳೆ ಇರೋದು 21. ಉಳಿದ 32 ಸೆಂಟಿಮೀಟರಿನಲ್ಲಿ ಏನಿತ್ತು? ನನ್ನ ಮೇಜು. ಅಂದರೆ ಚಿತ್ರದ ಅರ್ಧಕ್ಕಿಂತ ಜಾಸ್ತಿ ಜಾಗದಲ್ಲಿ ಆ ಮಗುವಿಗೆ ಮೇಜಿನ ಹಲಗೆಯನ್ನು ತೋರಿಸುತ್ತಿದ್ದೆ.

ಈಗ ಅವಳ ಕಡೆಯಿಂದ ನೋಡಿ. ಅವಳು ಪಾಠ ಕೇಳೋದು ಅಮ್ಮನ ಫೋನಿನಲ್ಲಿ. ಉದ್ದಕ್ಕೆ ಹಿಡಿದುಕೊಂಡರೆ ಪರದೆಯ ಅಗಲ ಸುಮಾರು 7 ಸೆಂಟಿಮೀಟರ್. ನನ್ನ 53 ಸೆಂಟಿಮೀಟರ್ ಅಲ್ಲಿ 7ಕ್ಕೆ ಇಳಿಯುತ್ತಿತ್ತು. ನಾನು 6 ಮಿಲಿಮೀಟರ್ ಎತ್ತರ ಬರೆದ ಅಂಕಿ ಅವಳ ಕಣ್ಣಿಗೆ ಒಂದು ಮಿಲಿಮೀಟರ್ ಕೂಡ ಇರುತ್ತಿರಲಿಲ್ಲ. ಎಕ್ಸ್ ತಲೆಯ ಮೇಲಿನ ಆ ಪುಟ್ಟ ಎರಡು? ಅದು ಒಂದು ಚುಕ್ಕಿ ಅಷ್ಟೇ. ನಾನು ಮಾತ್ರ ನನ್ನ ಲ್ಯಾಪ್‌ಟಾಪಿನ ದೊಡ್ಡ ಪರದೆ ನೋಡಿಕೊಂಡು, ಎಲ್ಲ ಚೆನ್ನಾಗಿ ಕಾಣ್ತಿದೆಯಲ್ಲ ಅಂತ ಮುಂದೆ ಹೋಗುತ್ತಿದ್ದೆ.

ಸರಿ ಮಾಡಿದ್ದು ಹೀಗೆ. ಹಾಳೆಯನ್ನು ಅಡ್ಡಲಾಗಿ ಇಟ್ಟೆ. ಫೋನನ್ನು ಇಳಿಸುತ್ತಾ ಬಂದು, ಹಾಳೆಯ ಎಡ ಬಲದ ಅಂಚುಗಳು ಚೌಕಟ್ಟಿನ ಅಂಚಿಗೆ ಸರಿಯಾಗಿ ಕೂತಾಗ ನಿಲ್ಲಿಸಿದೆ. ನನ್ನ ಫೋನಿನಲ್ಲಿ ಅದು ಒಂದಡಿ ಸ್ಕೇಲಿಗಿಂತ ಸ್ವಲ್ಪ ಕಡಿಮೆ ಎತ್ತರ. ಒಂದೊಂದು ಫೋನಿನ ಕ್ಯಾಮೆರಾ ಒಂದೊಂದು ಥರ, ಅದಕ್ಕೆ ಅಳತೆ ನೋಡಬೇಡಿ, ಅಂಚು ನೋಡಿ. ಈಗ ಚೌಕಟ್ಟಿನ ಅಗಲ 30 ಸೆಂಟಿಮೀಟರ್, ಎತ್ತರ 17. ಹಾಳೆಯ ಮೇಲೆ ಕೆಳಗೆ ಸ್ವಲ್ಪ ಹೊರಗೆ ಉಳಿಯುತ್ತದೆ, ಉಳಿಯಲಿ. ಹುಡುಗಿಗೆ ಫೋನನ್ನು ಅಡ್ಡ ಹಿಡಿಯೋಕೆ ಹೇಳಿದೆ, ಆಗ ಪರದೆಯ ಅಗಲ 14 ಸೆಂಟಿಮೀಟರ್ ಹತ್ತಿರ. ಅಂದರೆ ನಾನು ಬರೆದದ್ದರ ಅರ್ಧ ಗಾತ್ರದಲ್ಲಿ ಅವಳಿಗೆ ಕಾಣುತ್ತದೆ. ಅಂಕಿಗಳನ್ನು ಒಂದು ಸೆಂಟಿಮೀಟರ್ ಎತ್ತರ ಬರೆದರೆ ಅವಳಿಗೆ ಅರ್ಧ ಸೆಂಟಿಮೀಟರ್. ಪಠ್ಯಪುಸ್ತಕದ ಅಕ್ಷರಕ್ಕಿಂತ ದೊಡ್ಡದು, ಸಾಕು.

ಒಂದು ಹಾಳೆಗೆ ಐದಾರು ಸಾಲು ಮಾತ್ರ ಹಿಡಿಯುತ್ತದೆ, ನಿಜ. ಹಾಳೆ ಜಾಸ್ತಿ ಖರ್ಚಾಗುತ್ತದೆ. ಒಂದು ಕಡೆ ಪ್ರಿಂಟ್ ಆದ ಹಳೇ ಹಾಳೆಗಳ ಹಿಂಬದಿಯನ್ನೇ ನಾನು ಬಳಸುತ್ತೇನೆ, ಮುಂಬದಿಯ ಅಚ್ಚು ತೋರದಷ್ಟು ದಪ್ಪ ಇದ್ದರೆ ಆಯಿತು. ಕನ್ನಡ ಹೇಳಿಕೊಡುವ ನನ್ನ ಗೆಳತಿಯೊಬ್ಬರು ಇದಕ್ಕಿಂತಲೂ ದೊಡ್ಡದಾಗಿ ಬರೆಯುತ್ತಾರೆ. ಒತ್ತಕ್ಷರ ಕೆಳಗಡೆ ಸಣ್ಣದಾಗಿ ಕೂರುತ್ತದಲ್ಲ, ಒಂದು ಸೆಂಟಿಮೀಟರ್ ಅಕ್ಷರದ ಅಡಿಯಲ್ಲಿ ತ ಒತ್ತು ಯಾವುದು, ನ ಒತ್ತು ಯಾವುದು ಅಂತ ಮಕ್ಕಳಿಗೆ ತಿಳಿಯೋದಿಲ್ಲವಂತೆ.

ಇನ್ನೊಂದು ವಿಷಯ. ಚೌಕಟ್ಟಿನ ನಾಲ್ಕು ಮೂಲೆಗೂ ಮೇಜಿನ ಮೇಲೆ ಪೇಪರ್ ಟೇಪಿನ ಚೂರು ಅಂಟಿಸಿಕೊಳ್ಳಿ. ಪೆನ್ನಿನ ಮೊನೆಯನ್ನು ಸರಿಸುತ್ತಾ ಹೋಗಿ, ಲ್ಯಾಪ್‌ಟಾಪಿನಲ್ಲಿ ಅದು ಮಾಯವಾಗುವ ಕಡೆ ಗುರುತು. ಅದಿಲ್ಲದಿದ್ದರೆ ಮಾತಿನ ರಭಸದಲ್ಲಿ ನಾವು ಚೌಕಟ್ಟು ದಾಟಿ ಬರೆಯುತ್ತಾ ಹೋಗುತ್ತೇವೆ, ಆ ಕಡೆ ಮಗು ಖಾಲಿ ಹಾಳೆ ನೋಡುತ್ತಾ ಕೂತಿರುತ್ತದೆ.

ಮೀಟಿಂಗಿಗೆ ಫೋನನ್ನು ಸೇರಿಸೋದು ಸುಲಭ. ಲ್ಯಾಪ್‌ಟಾಪಿನಲ್ಲಿ ನೀವು ಒಬ್ಬರು, ಅದೇ ಲಿಂಕ್ ಒತ್ತಿ ಫೋನಿನಿಂದ ಇನ್ನೊಬ್ಬರು. ಫೋನಿನ ಮೈಕೂ ಬೇಡ, ಸ್ಪೀಕರೂ ಬೇಡ, ಎರಡನ್ನೂ ಮುಚ್ಚಿ. ಇಲ್ಲದಿದ್ದರೆ ಒಂದರ ಸದ್ದು ಇನ್ನೊಂದಕ್ಕೆ ನುಗ್ಗಿ ಕುಯ್ ಅಂತ ಕಿವಿಗೆ ಹೊಡೆಯುತ್ತದೆ. ಹಿಂದಿನ ಕ್ಯಾಮೆರಾ ಆರಿಸಿ. ಹಿನ್ನೆಲೆ ಮಸುಕು ಮಾಡುವ ಸೌಲಭ್ಯ ಇದ್ದರೆ ತೆಗೆದುಹಾಕಿ, ಅದು ಹಾಳೆಯನ್ನೇ ಹಿನ್ನೆಲೆ ಅಂದುಕೊಂಡು ಮಸುಕು ಮಾಡಿಬಿಡುತ್ತದೆ. ಆಮೇಲೆ ಮಗುವಿಗೆ ಹಾಳೆಯ ಚಿತ್ರವನ್ನು ಪಿನ್ ಮಾಡೋಕೆ ಹೇಳಿ. ಇದನ್ನು ಮರೆಯಬೇಡಿ. ಪಿನ್ ಮಾಡಿದರೆ ಚಿತ್ರ ದೊಡ್ಡದಾಗೋದು ಮಾತ್ರ ಅಲ್ಲ, ಸಣ್ಣ ಕಿಟಕಿಗೆ ಕಡಿಮೆ ಗುಣಮಟ್ಟದ ವಿಡಿಯೊ ಬರುತ್ತದೆ, ದೊಡ್ಡ ಕಿಟಕಿಗೆ ಒಳ್ಳೆಯದು ಬರುತ್ತದೆ.

ಚಿತ್ರ ಅಡ್ಡಡ್ಡ ತಿರುಗಿಕೊಂಡರೆ ಗಾಬರಿಯಾಗಬೇಡಿ. ಫೋನು ತನ್ನ ಯಾವ ಬದಿ ಕೆಳಗಿದೆ ಅನ್ನೋದನ್ನ ಭೂಮಿಯ ಸೆಳೆತದಿಂದ ತಿಳಿದುಕೊಳ್ಳುತ್ತದೆ. ಅಂಗಾತ ಮಲಗಿಸಿದರೆ ಅದಕ್ಕೆ ಯಾವ ಬದಿಯೂ ಕೆಳಗಿಲ್ಲ, ಹಾಗಾಗಿ ಗೊಂದಲ. ಮೊದಲು ಫೋನನ್ನು ಕೈಯಲ್ಲಿ ಅಡ್ಡಲಾಗಿ ನೆಟ್ಟಗೆ ಹಿಡಿದು, ಚಿತ್ರ ತಿರುಗಿದ ಮೇಲೆ ಮೆಲ್ಲಗೆ ಸ್ಟ್ಯಾಂಡಿಗೆ ಸಿಕ್ಕಿಸಿ. ಸ್ಟ್ಯಾಂಡಿನ ಕ್ಲಾಂಪನ್ನು ಬರೆಯುವ ಮೇಜಿಗೆ ಹಾಕಬೇಡಿ, ಪಕ್ಕದ ಕಪಾಟಿಗೆ ಹಾಕಿ. ಮೇಜಿಗೆ ಹಾಕಿದರೆ ಒಂದೊಂದು ಅಕ್ಷರಕ್ಕೂ ಫೋನು ನಡುಗುತ್ತದೆ.

ಬೆಳಕಿನ ಬಗ್ಗೆ ಎರಡು ಮಾತು. ತಲೆಯ ಹಿಂದಿನ ಟ್ಯೂಬ್‌ಲೈಟ್ ನಮ್ಮ ತಲೆಯ ನೆರಳನ್ನು ಹಾಳೆಯ ಮೇಲೆ ಹಾಕುತ್ತದೆ. ಬಲಗೈಯಲ್ಲಿ ಬರೆಯುವವರು ಟೇಬಲ್ ಲ್ಯಾಂಪನ್ನು ಎಡಗಡೆ, ಸ್ವಲ್ಪ ಮುಂದೆ ಇಡಬೇಕು, ಆಗ ಕೈಯ ನೆರಳು ಬರೆಯದೇ ಇರುವ ಬಲಕ್ಕೆ ಬೀಳುತ್ತದೆ. ಬೆಳಕು ಕಡಿಮೆ ಆದಷ್ಟೂ ಚಿತ್ರದಲ್ಲಿ ಮರಳು ಚೆಲ್ಲಿದ ಹಾಗೆ ಚುಕ್ಕಿಗಳು ಕಾಣುತ್ತವೆ, ಫೋಕಸ್ ಕೂಡ ಹಾಳೆ ಬಿಟ್ಟು ಕೈಗೆ, ಕೈ ಬಿಟ್ಟು ಹಾಳೆಗೆ ಅಲೆದಾಡುತ್ತದೆ. ಹಾಗೆ ಮಂಜಾದಾಗ ನಾನು ಕೈಯನ್ನು ಪೂರ್ತಿ ಹೊರಗೆ ತೆಗೆದು ಒಂದೆರಡು ಸೆಕೆಂಡ್ ಕಾಯುತ್ತೇನೆ, ಹಾಳೆ ಮತ್ತೆ ಸ್ಪಷ್ಟವಾಗುತ್ತದೆ.

ಹೇಳಲೇಬೇಕಾದ್ದು ಇನ್ನೊಂದಿದೆ. ನಮ್ಮ ದನಿ ಲ್ಯಾಪ್‌ಟಾಪಿನಿಂದ ಹೋಗುತ್ತದೆ, ಚಿತ್ರ ಫೋನಿನಿಂದ. ಎರಡೂ ಬೇರೆ ಬೇರೆ ದಾರಿ, ಒಟ್ಟಿಗೆ ತಲುಪೋದಿಲ್ಲ. ಸಾಮಾನ್ಯವಾಗಿ ನಮ್ಮನೆಯಲ್ಲಿ ಮಾತು ಮುಂದೆ, ಕೈ ಹಿಂದೆ. "ಇದನ್ನ ಈ ಕಡೆ ತಗೊಂಡು ಹೋಗು" ಅಂದಾಗ ಮಗುವಿನ ಪರದೆಯಲ್ಲಿ ಪೆನ್ನು ಇನ್ನೂ ಹಿಂದಿನ ಸಾಲಿನಲ್ಲೇ ಇರುತ್ತದೆ. ಅದಕ್ಕೆ "ಇದು", "ಅದು" ಬಿಟ್ಟೆ. ಮೊದಲು ಬರೆಯುತ್ತೇನೆ, ಒಂದು ಉಸಿರು ನಿಲ್ಲುತ್ತೇನೆ, ಆಮೇಲೆ ಹೆಸರು ಹಿಡಿದೇ ಹೇಳುತ್ತೇನೆ: ಮೈನಸ್ ಐದು ಎಕ್ಸ್ ಅಂತ. ಅವತ್ತು ಹೀಗೆ ಬಾಯಿ ಬಿಟ್ಟು ಹೇಳಿದ್ದರೆ, ಕಾಣದ ಮೈನಸ್ಸು ಕಿವಿಗಾದರೂ ಬೀಳುತ್ತಿತ್ತು.

ಆ ಹುಡುಗಿಯ ಜೊತೆ ಈಗ ಒಂದು ಒಪ್ಪಂದ ಇದೆ. ಪಾಠ ಶುರುವಾದ ಕೂಡಲೇ ನಾನೊಂದು ಸಾಲು ಬರೆಯುತ್ತೇನೆ, ಬೇಕಂತಲೇ ಮೈನಸ್ಸು, ವರ್ಗದ ಗುರುತು, ದಶಾಂಶದ ಚುಕ್ಕಿ ಎಲ್ಲ ಸೇರಿಸಿ. ಬಾಯಿ ತೆರೆಯೋದಿಲ್ಲ. ಅವಳು ಅದನ್ನು ಓದಿ ಹೇಳಬೇಕು. ಪೂರ್ತಿ ಸರಿಯಾಗಿ ಓದಿದರೆ ಪಾಠ ಮುಂದಕ್ಕೆ, ಒಂದು ಗುರುತು ಬಿಟ್ಟರೂ ಮೊದಲು ಸ್ಟ್ಯಾಂಡು, ಲ್ಯಾಂಪು ನೋಡುತ್ತೇನೆ. ಮಧ್ಯದಲ್ಲಿ ನನ್ನ ಕೈ ಅಡ್ಡ ಬಂದರೆ "ಮಿಸ್, ಕೈ" ಅಂತಾಳೆ, ತೆಗೆಯುತ್ತೇನೆ. ಕಳೆದ ವಾರ ದಶಾಂಶದ ಚುಕ್ಕಿಯನ್ನು ಬಿಟ್ಟು ಓದಿದಳು, ನೋಡಿದರೆ ಲೆನ್ಸಿನ ಮೇಲೆ ನನ್ನ ಬೆರಳಿನ ಎಣ್ಣೆ ಗುರುತು. ಹತ್ತಿಬಟ್ಟೆಯಲ್ಲಿ ಒರೆಸಿ ಇನ್ನೊಂದು ಸಾಲು ಬರೆದೆ, ಸರಿಯಾಗಿ ಓದಿದಳು, ಪಾಠ ಶುರು ಮಾಡಿದೆವು.

ನಮಸ್ಕಾರ.