ಕಣ್ಣ ಮುಂದೆ ನೊಣ, ಕಣ್ಣಂಚಲ್ಲಿ ಮಿಂಚು

ಎಲ್ಲರಿಗೂ ನಮಸ್ಕಾರ. ನಾನು ಕಣ್ಣಿನ ಡಾಕ್ಟರು, ಇವತ್ತು ಒಂದೇ ವಾರದಲ್ಲಿ ನನ್ನ ಹತ್ರ ಬಂದ ಇಬ್ಬರ ಕಥೆ ಹೇಳ್ತೀನಿ. ಇಬ್ಬರದ್ದೂ ಕಂಪ್ಲೇಂಟ್ ಹೆಚ್ಚುಕಮ್ಮಿ ಒಂದೇ, ಆದ್ರೆ ಒಬ್ಬರನ್ನ ಏನೂ ಮಾಡದೆ ಮನೆಗೆ ಕಳಿಸಿದೆ, ಇನ್ನೊಬ್ಬರನ್ನ ಅವತ್ತೇ ಲೇಸರ್ ಮಷೀನ್ ಮುಂದೆ ಕೂರಿಸಬೇಕಾಯ್ತು.

ಮೊದಲನೆಯವರು ಅರವತ್ಮೂರು ವರ್ಷದ ಅಮ್ಮ, ಮನೇಲೇ ಟೈಲರಿಂಗ್ ಮಾಡೋರು. ರಾತ್ರಿ ಹಿತ್ತಲ ಲೈಟ್ ಆಫ್ ಮಾಡಿ ಒಳಗೆ ಬರೋವಾಗ ಬಲಗಣ್ಣಿನ ಹೊರಗಡೆ ಅಂಚಲ್ಲಿ ಬಿಲ್ಲಿನ ಥರ ಬಾಗಿರೋ ಒಂದು ಬೆಳಕು ಪಳಕ್ಕಂತ ಹೊಳೀತು, ಯಾರೋ ಟಾರ್ಚ್ ಬಿಟ್ರೇನೋ ಅಂತ ತಿರುಗಿ ನೋಡಿದ್ರೆ ಯಾರೂ ಇಲ್ಲ, ತಿರುಗಿದ್ದಕ್ಕೆ ಮತ್ತೆ ಹೊಳೀತು. ಬೆಳಗ್ಗೆ ಎದ್ರೆ ಕಣ್ಣ ಮುಂದೆ ಬಳೆ ಚೂರಿನ ಥರ ಕಪ್ಪಗೆ ಏನೋ ತೇಲ್ತಾ ಇದೆ, ನೊಣ ಅಂತ ಎರಡು ಸಲ ಕೈ ಬೀಸಿದ್ರಂತೆ.

ಎರಡನೆಯವರು ಐವತ್ತೇಳು ವರ್ಷದ ಒಬ್ಬ ಮೇಷ್ಟ್ರು, ಚಿಕ್ಕಂದಿನಿಂದ ಮೈನಸ್ ಆರರ ಕನ್ನಡಕ. ಅವರಿಗೂ ಹಾಗೇ ಎಡಗಣ್ಣಲ್ಲಿ ಮಿಂಚು, ಆಮೇಲೆ ತೇಲೋ ಚುಕ್ಕೆಗಳು. ಆದ್ರೆ ಅವರು ಹೇಳಿದ್ದು ಒಂದು ನೊಣ ಅಂತಲ್ಲ, ಯಾರೋ ಮೆಣಸಿನಪುಡಿ ಎರಚಿದ ಹಾಗೆ, ಮಸಿ ಉದುರಿದ ಹಾಗೆ ಅಂತ. ಪೇಪರ್ ಓದೋಕೆ ಆಗ್ತಿದೆ, ಬೋರ್ಡ್ ಕಾಣ್ತಿದೆ, ನೋವಿಲ್ಲ, ಕೆಂಪಾಗಿಲ್ಲ, ಇನ್ಯಾಕೆ ಡಾಕ್ಟರು ಅಂತ ನಾಲ್ಕು ದಿನ ಸುಮ್ನಿದ್ರು. ಮಧ್ಯೆ ಯಾರೋ ವಿಟಮಿನ್ ಮಾತ್ರೆ ತಗೊಳ್ಳಿ ಅಂದ್ರಂತೆ, ಅದನ್ನೂ ತಗೊಂಡಿದ್ರು.

ಇದು ಯಾಕಾಗುತ್ತೆ ಅಂತ ಹೇಳ್ಬೇಕಂದ್ರೆ ಕಣ್ಣಿನ ಒಳಗೆ ಏನಿದೆ ಅನ್ನೋದು ಸ್ವಲ್ಪ ಗೊತ್ತಿರ್ಬೇಕು. ಕಣ್ಣುಗುಡ್ಡೆ ಒಳಗೆ ಖಾಲಿ ಅಲ್ಲ, ತಾಟಿನುಂಗಿನ ಥರ ಪಾರದರ್ಶಕವಾದ ಒಂದು ಜೆಲ್ ತುಂಬಿರುತ್ತೆ, ಹತ್ತಿರ ಹತ್ತಿರ 4 ಮಿಲಿ, ಅದಕ್ಕೆ ವಿಟ್ರಿಯಸ್ ಅಂತೀವಿ. ಬಹುಪಾಲು ನೀರೇ, ಆದ್ರೆ ಕೂದಲಿಗಿಂತ ಎಷ್ಟೋ ಸಣ್ಣ ನಾರುಗಳು ಅದನ್ನ ಹಿಡಿದಿಟ್ಟಿರ್ತವೆ. ಗೋಡೆಗೆ ವಾಲ್‌ಪೇಪರ್ ಅಂಟಿಸಿದ ಹಾಗೆ ಕಣ್ಣಿನ ಹಿಂಭಾಗದ ಒಳಗೋಡೆಗೆ ಅಂಟಿರೋ ತೆಳ್ಳನೆ ಪರದೆನೇ ರೆಟಿನಾ, ಅಕ್ಷಿಪಟಲ ಅಂತ ಪುಸ್ತಕದಲ್ಲಿ ಓದಿರ್ತೀರಿ. ನಾವು ನೋಡೋದೆಲ್ಲಾ ಬೀಳೋದು ಅದರ ಮೇಲೆ. ಈ ಜೆಲ್ಲು ಆ ರೆಟಿನಾಗೆ ಮೆತ್ತಿಕೊಂಡಿರುತ್ತೆ.

ವಯಸ್ಸಾದಂಗೆ ಜೆಲ್ಲು ನೀರೊಡೆಯುತ್ತೆ, ಹಳೇ ಮೊಸರು ನೀರು ಬಿಟ್ಟ ಹಾಗೆ. ಐವತ್ತು ದಾಟಿದ ಮೇಲೆ ಒಂದಲ್ಲ ಒಂದು ದಿನ ಅದು ಕುಗ್ಗಿ ಹಿಂದಿನ ಗೋಡೆಯಿಂದ ಬಿಟ್ಟುಕೊಂಡು ಮುಂದಕ್ಕೆ ಬರುತ್ತೆ. ಮೈನಸ್ ನಂಬರ್ ಜಾಸ್ತಿ ಇರೋರಿಗೆ, ಪೊರೆ ಆಪರೇಷನ್ ಆದವರಿಗೆ, ಕಣ್ಣಿಗೆ ಬಲವಾದ ಏಟು ಬಿದ್ದವರಿಗೆ ಇನ್ನೂ ಬೇಗ. ಇದು ಕಾಯಿಲೆ ಅಲ್ಲ, ಕೂದಲು ಬೆಳ್ಳಗಾದ ಹಾಗೇನೇ. ಬಿಟ್ಟುಕೊಳ್ಳೋವಾಗ ಜೆಲ್ಲು ರೆಟಿನಾನ ಒಂಚೂರು ಜಗ್ಗುತ್ತೆ. ರೆಟಿನಾಗೆ ನೋವು ಗೊತ್ತಾಗಲ್ಲ ಸ್ವಾಮಿ, ಅದಕ್ಕೆ ಗೊತ್ತಿರೋದು ಬೆಳಕು ಒಂದೇ, ಜಗ್ಗಿದ್ರೂ ಅದು ಮೆದುಳಿಗೆ ಹೇಳೋದು ಬೆಳಕು ಅಂತಲೇ. ಕತ್ತಲಲ್ಲಿ, ಕಣ್ಣು ಪಕ್ಕಕ್ಕೆ ಹೊರಳಿಸಿದಾಗ ಮಿಂಚು ಕಾಣೋದು ಅದಕ್ಕೇ. ಇನ್ನು ಆ ಬಳೆ ಚೂರು ಏನಪ್ಪಾ ಅಂದ್ರೆ, ಕಣ್ಣಿನ ನರ ಹೊರಡೋ ಜಾಗದ ಸುತ್ತ ಜೆಲ್ಲು ಉಂಗುರದ ಥರ ಗಟ್ಟಿಯಾಗಿ ಅಂಟಿರುತ್ತೆ, ಬಿಟ್ಟು ಬಂದಾಗ ಆ ಉಂಗುರ ತೇಲುತ್ತೆ, ಅದರ ನೆರಳು ನಮಗೆ ಕಾಣುತ್ತೆ.

ಬಿಟ್ಟುಕೊಳ್ಳೋದು ಸಲೀಸಾಗಿ ಆದ್ರೆ ಕಥೆ ಅಲ್ಲಿಗೇ ಮುಗೀತು. ಆದ್ರೆ ಹಳೇ ಸುಣ್ಣದ ಗೋಡೆಗೆ ಅಂಟಿಸಿದ ಕ್ಯಾಲೆಂಡರ್ ಕಿತ್ತು ನೋಡಿದ್ದೀರಾ, ಮುಕ್ಕಾಲು ಭಾಗ ಸರಾಗ ಬರುತ್ತೆ, ಎಲ್ಲೋ ಒಂದು ಕಡೆ ಜಾಸ್ತಿ ಅಂಟಿರೋ ಜಾಗದಲ್ಲಿ ಸುಣ್ಣದ ಚಕ್ಕೆನೂ ಕಿತ್ಕೊಂಡು ಬರುತ್ತೆ. ರೆಟಿನಾದಲ್ಲೂ ಹಂಗೇ, ಅದರ ಅಂಚಿನ ಕಡೆ ಅಂಥ ಬಿಗಿ ಜಾಗ ಇದ್ರೆ ಕುದುರೆ ಲಾಳದ ಆಕಾರದಲ್ಲಿ ಹರೀತದೆ. ಹೀಗೆ ಹಠಾತ್ತಾಗಿ ಮಿಂಚು, ಚುಕ್ಕೆ ಅಂತ ಬರೋ ನೂರು ಜನರಲ್ಲಿ ಸುಮಾರು ಹತ್ತರಿಂದ ಹದಿನೈದು ಜನಕ್ಕೆ ಹರಿದಿರುತ್ತೆ. ಅಂದ್ರೆ ಬಹಳಷ್ಟು ಜನಕ್ಕೆ ಏನೂ ಆಗಿರಲ್ಲ, ಹೆದರ್ಕೊಂಡು ರಾತ್ರಿಯೆಲ್ಲಾ ನಿದ್ದೆಗೆಡೋದು ಬೇಡ, ಆದ್ರೆ ನೀವು ಆ ಹತ್ತರಲ್ಲೋ ಉಳಿದ ತೊಂಬತ್ತರಲ್ಲೋ ಅನ್ನೋದು ಮನೇಲಿ ಕೂತು ಗೊತ್ತಾಗಲ್ಲ.

ಹರಿದ್ರೆ ತಕ್ಷಣ ಕಣ್ಣು ಮಂಜಾಗಬೇಕಲ್ವಾ ಅಂತ ಕೇಳ್ತಾರೆ. ಇಲ್ಲ. ಹರಿಯೋದು ಅಂಚಲ್ಲಿ, ಓದೋಕೆ ಬಳಸೋದು ನಡುಮಧ್ಯದ ಭಾಗ, ಹಾಗಾಗಿ ಮೇಷ್ಟ್ರು ಬೋರ್ಡಿನ ಕೊನೇ ಸಾಲನ್ನೂ ಓದಿದ್ರು. ಮಿಂಚು ಜೋರಾಗಿದ್ರೆ ಹರಿದಿದೆ, ಕಮ್ಮಿ ಇದ್ರೆ ಹರಿದಿಲ್ಲ ಅನ್ನೋ ಲೆಕ್ಕನೂ ಇಲ್ಲ. ಆದ್ರೆ ಮಸಿ ಉದುರಿದ ಹಾಗೆ ಅಂದಾಗ ನನ್ನ ಕಿವಿ ನೆಟ್ಟಗಾಯ್ತು. ಹರಿಯೋವಾಗ ಸಣ್ಣ ರಕ್ತನಾಳ ತುಂಡಾದ್ರೆ ರಕ್ತದ ಕಣ, ಹರಿದ ಜಾಗದಿಂದ ಕಂದು ಬಣ್ಣದ ಕಣ ಜೆಲ್ಲಿಗೆ ಬೀಳ್ತವೆ, ಅದೇ ಒಳಗಿಂದ ಮೆಣಸಿನಪುಡಿ ಥರ ಕಾಣೋದು. ಒಳಗೆ ರಕ್ತ ಇಳಿದಿದ್ರಂತೂ ಹರಿದಿರೋ ಸಾಧ್ಯತೆ ಅರ್ಧಕ್ಕಿಂತ ಜಾಸ್ತಿ. ಶುಗರ್ ಇರೋರಿಗೆ ಹೀಗೆ ರಕ್ತ ಇಳಿಯೋಕೆ ಬೇರೆ ಕಾರಣನೂ ಇರುತ್ತೆ, ಅವರೂ ಕಾಯಬಾರದು.

ಒಂದು ವಿಷಯ ಇಲ್ಲೇ ಹೇಳಿಬಿಡ್ತೀನಿ, ಎಲ್ಲಾ ಮಿಂಚೂ ರೆಟಿನಾದ್ದಲ್ಲ. ಮೈಗ್ರೇನ್‌ನಲ್ಲೂ ಬೆಳಕು ಕಾಣುತ್ತೆ, ಆದ್ರೆ ಅದು ಗರಗಸದ ಹಲ್ಲಿನ ಥರ ಅಂಕುಡೊಂಕಾಗಿ ಶುರುವಾಗಿ ಮೆಲ್ಲಗೆ ಹರಡಿ ಇಪ್ಪತ್ತು ಮೂವತ್ತು ನಿಮಿಷಕ್ಕೆ ಹೋಗುತ್ತೆ, ಒಂದೊಂದೇ ಕಣ್ಣು ಮುಚ್ಚಿ ನೋಡಿದ್ರೆ ಎರಡರಲ್ಲೂ ಇರುತ್ತೆ. ನಾನು ಹೇಳ್ತಿರೋದು ಒಂದೇ ಕಣ್ಣಲ್ಲಿ, ಅಂಚಲ್ಲಿ, ಕ್ಷಣಮಾತ್ರ ಹೊಳೆಯೋ ಬೆಳಕು. ಹಾಗೇ ಆಕಾಶ ನೋಡಿದಾಗ ವರ್ಷಗಳಿಂದ ಕಾಣೋ ಒಂದೆರಡು ಎಳೆಗಳ ಬಗ್ಗೆ ಗಾಬರಿ ಬೇಡ, ನಿನ್ನೆ ಇಲ್ಲದ್ದು ಇವತ್ತು ಬಂದಿದ್ರೆ ಅದು ಲೆಕ್ಕ.

ಈಗ ಪರೀಕ್ಷೆ. ಇಬ್ಬರಿಗೂ ಪಾಪೆ ಅಗಲ ಆಗೋ ಡ್ರಾಪ್ಸ್ ಹಾಕಿದ್ವಿ, ಅರ್ಧ ಗಂಟೆ ಕೂರಿಸಿದ್ವಿ. ಆಮೇಲೆ ನಾಲ್ಕೈದು ಗಂಟೆ ಹತ್ತಿರದ್ದು ಮಂಜು, ಬಿಸಿಲು ಕಣ್ಣಿಗೆ ಚುಚ್ಚುತ್ತೆ, ಅದಕ್ಕೇ ಗಾಡಿ ಓಡಿಸ್ಕೊಂಡು ಬರ್ಬೇಡಿ, ಜೊತೆಗೆ ಯಾರನ್ನಾದ್ರೂ ಕರ್ಕೊಂಡು ಬನ್ನಿ ಅನ್ನೋದು. ಡ್ರಾಪ್ಸ್ ಹಾಕದೆ ನೋಡಿದ್ರೆ ಕಿಟಕಿ ಸಂದಿಯಿಂದ ಕೋಣೆ ಇಣುಕಿದ ಹಾಗೆ, ಎದುರುಗೋಡೆ ಕಾಣುತ್ತೆ, ಮೂಲೆ ಕಾಣಲ್ಲ. ನಮಗೆ ಬೇಕಾಗಿರೋದೇ ಮೂಲೆ. ತಲೆಗೆ ಲೈಟ್ ಕಟ್ಟಿಕೊಂಡು, ಕೈಯಲ್ಲಿ ಲೆನ್ಸ್ ಹಿಡಿದು, ರೆಪ್ಪೆ ಮೇಲಿಂದ ಸಣ್ಣ ಕಡ್ಡಿಯಂಥ ಉಪಕರಣದಲ್ಲಿ ಗುಡ್ಡೆನ ಮೆಲ್ಲಗೆ ಒತ್ತಿ ಅಂಚನ್ನ ಕಣ್ಣಿಗೆ ತಂದ್ಕೊಂಡು ಸುತ್ತಲೂ ನೋಡ್ತೀವಿ. ಸ್ವಲ್ಪ ಕಿರಿಕಿರಿ ಆಗುತ್ತೆ, ಹೌದು. ಕನ್ನಡಕದ ನಂಬರ್ ಚೆಕ್ ಮಾಡ್ಸಿದೆ, ನಡುಭಾಗದ ಸ್ಕ್ಯಾನ್ ಮಾಡ್ಸಿದೆ, ನಾರ್ಮಲ್ ಅಂತೆ ಅಂತ ಬರ್ತಾರೆ, ಅವೆರಡರಲ್ಲೂ ಈ ಅಂಚು ಕಾಣಲ್ಲ.

ಅಮ್ಮನ ಕಣ್ಣಲ್ಲಿ ಉಂಗುರ ತೇಲ್ತಿತ್ತು, ಅಂಚೆಲ್ಲಾ ಸರಿ ಇತ್ತು, ಜೆಲ್ಲಲ್ಲಿ ಕಂದು ಕಣ ಇರಲಿಲ್ಲ. ಮಾತ್ರೆ ಬೇಡ, ಡ್ರಾಪ್ಸ್ ಬೇಡ, ಮಿಂಚು ಕೆಲವು ವಾರದಲ್ಲಿ ಕಮ್ಮಿಯಾಗುತ್ತೆ, ನೊಣ ಪೂರ್ತಿ ಹೋಗಲ್ಲ, ಕೆಳಗೆ ಸರಿಯುತ್ತೆ, ಮನಸ್ಸು ಅದನ್ನ ಮರೆಯೋದು ಕಲಿಯುತ್ತೆ ಅಂದೆ. ಆದ್ರೂ ಒಂದು ತಿಂಗಳು ಒಂದೂವರೆ ತಿಂಗಳಿಗೆ ಮತ್ತೆ ಬನ್ನಿ ಅಂತ ಬರೆದುಕೊಟ್ಟೆ, ಯಾಕಂದ್ರೆ ಜೆಲ್ಲು ಬಿಟ್ಟುಕೊಳ್ಳೋದು ಒಂದೇ ದಿನಕ್ಕೆ ಮುಗಿಯಲ್ಲ, ಮೊದಲ ದಿನ ಸರಿ ಇದ್ದ ಕೆಲವರಲ್ಲಿ ಆಮೇಲೆ ಹರಿಯುತ್ತೆ.

ಮೇಷ್ಟ್ರ ಎಡಗಣ್ಣಲ್ಲಿ ಮೇಲ್ಗಡೆ ಹೊರಭಾಗದಲ್ಲಿ, ಗಡಿಯಾರದ ಲೆಕ್ಕದಲ್ಲಿ ಒಂದೂವರೆ ಗಂಟೆ ಜಾಗದಲ್ಲಿ, ಲಾಳದ ಆಕಾರದ ಹರುಕು. ಅದರ ಬಾಯಿಯ ಸುತ್ತ ಆಗಲೇ ಒಂದಿಷ್ಟು ನೀರು ಒಳಗೆ ನುಗ್ಗೋಕೆ ಶುರು ಮಾಡಿತ್ತು. ಸೂರಿನ ಹೆಂಚು ಜಾರಿದ್ರೆ ಮಳೆನೀರು ಗೋಡೆಗೆ ಇಳಿದ ಹಾಗೆ, ಈ ಹರುಕಿನಿಂದ ನೀರಾದ ಜೆಲ್ಲು ರೆಟಿನಾದ ಹಿಂದೆ ಹೋಗಿ ಅದನ್ನ ಗೋಡೆಯಿಂದ ಎಬ್ಬಿಸುತ್ತೆ. ಮೇಲ್ಭಾಗದ ಹರುಕಾದ್ರೆ ನೀರು ಕೆಳಗೆ ಇಳಿಯೋದ್ರಿಂದ ಇನ್ನೂ ಬೇಗ. ಹೀಗೆ ಮಿಂಚು ಚುಕ್ಕೆ ಬಂದು ಹರಿದಿದ್ದನ್ನ ಹಾಗೇ ಬಿಟ್ರೆ ಸುಮಾರು ಅರ್ಧ ಜನಕ್ಕೆ ರೆಟಿನಾ ಕಳಚಿಕೊಳ್ಳುತ್ತೆ.

ಅದಕ್ಕೆ ಲೇಸರ್. ಕಣ್ಣಿಗೆ ಮರಗಟ್ಟೋ ಡ್ರಾಪ್ಸ್ ಹಾಕಿ, ಹರುಕಿನ ಸುತ್ತ ಮೂರು ಸಾಲು ಸಣ್ಣ ಸಣ್ಣ ಸುಟ್ಟ ಚುಕ್ಕೆ ಇಟ್ವಿ, ಬಟ್ಟೆ ಹರಿದ ಜಾಗದ ಸುತ್ತ ಹೊಲಿಗೆ ಹಾಕಿದ ಹಾಗೆ. ಇಪ್ಪತ್ತು ನಿಮಿಷದ ಕೆಲಸ, ಮನೆಗೆ ಹೋದ್ರು. ಲೇಸರ್ ಹರುಕನ್ನ ಮುಚ್ಚಲ್ಲ, ಅದರ ಸುತ್ತ ಕಲೆ ಕಟ್ಟಿಸಿ ರೆಟಿನಾನ ಗೋಡೆಗೆ ಕಚ್ಚಿಸುತ್ತೆ, ಆ ಕಚ್ಚು ಗಟ್ಟಿಯಾಗೋಕೆ ಹತ್ತು ಹದಿನಾಲ್ಕು ದಿನ ಬೇಕು. ಅಷ್ಟರವರೆಗೆ ಭಾರ ಎತ್ತೋದು, ಗಾಡಿಯಲ್ಲಿ ಎತ್ತಿಹಾಕಿಸಿಕೊಳ್ಳೋದು ಬೇಡ ಅಂದೆ.

ಇನ್ನೂ ಒಂದು ವಾರ ತಡ ಮಾಡಿದ್ರೆ ಏನಾಗ್ತಿತ್ತು? ಒಂದು ಮೂಲೆಯಿಂದ ನೆರಳು ಏಳ್ತಿತ್ತು, ಕಪ್ಪು ಪರದೆ ಎಳೆದ ಹಾಗೆ. ಕಣ್ಣೊಳಗಿನ ಚಿತ್ರ ತಲೆಕೆಳಗು, ಹಾಗಾಗಿ ಮೇಲ್ಗಡೆ ಹೊರಗಿನ ರೆಟಿನಾ ಕಳಚಿದ್ರೆ ನೆರಳು ಕಾಣೋದು ಕೆಳಗೆ ಮೂಗಿನ ಕಡೆ. ಅದು ನಡುಭಾಗಕ್ಕೆ ಬರೋ ಮುಂಚೆ ಆಪರೇಷನ್ ಆದ್ರೆ ಓದೋ ದೃಷ್ಟಿ ಬಹುಮಟ್ಟಿಗೆ ಉಳಿಯುತ್ತೆ, ನಡುಭಾಗನೂ ಕಳಚಿದ ಮೇಲೆ ಆದ್ರೆ ರೆಟಿನಾ ಮತ್ತೆ ಅಂಟಿದ್ರೂ ದೃಷ್ಟಿ ಪೂರ್ತಿ ಬರೋದು ಕಷ್ಟ. ಆ ಆಪರೇಷನ್‌ನಲ್ಲಿ ಬಹಳ ಸಲ ಒಳಗೆ ಗ್ಯಾಸ್ ತುಂಬಿಸ್ತಾರೆ, ದಿನಗಟ್ಟಲೆ ತಲೆ ಒಂದೇ ಭಂಗಿಯಲ್ಲಿ ಇಡ್ಬೇಕು, ಗ್ಯಾಸ್ ಕರಗೋವರೆಗೂ ವಿಮಾನ ಹತ್ತಂಗಿಲ್ಲ, ಮಡಿಕೇರಿಗೆ ಘಾಟಿ ಹತ್ತೋಕೂ ಡಾಕ್ಟರನ್ನ ಕೇಳ್ಬೇಕು. ಇಪ್ಪತ್ತು ನಿಮಿಷದ ಕೆಲಸ ಎಲ್ಲಿ, ಇದೆಲ್ಲಿ.

ಹಾಗಾಗಿ ಹೊಸ ಮಿಂಚು, ಹೊಸ ಚುಕ್ಕೆ ಬಂದ್ರೆ ಅವತ್ತೋ ಮಾರನೇ ದಿನವೋ ಡ್ರಾಪ್ಸ್ ಹಾಕಿ ಅಂಚು ನೋಡೋ ಡಾಕ್ಟರ ಹತ್ರ ಹೋಗಿ. ಚುಕ್ಕೆ ರಾಶಿರಾಶಿಯಾಗಿ ಬಿದ್ರೆ, ನೆರಳು ಕಂಡ್ರೆ, ಭಾನುವಾರ ಆದ್ರೂ ಹಬ್ಬ ಆದ್ರೂ ಆ ಕ್ಷಣವೇ ಹೊರಡಿ.

ಮೇಷ್ಟ್ರು ಎರಡು ವಾರ ಬಿಟ್ಟು ಬಂದ್ರು, ಲೇಸರ್ ಕಲೆ ಚೆನ್ನಾಗಿ ಕಟ್ಟಿತ್ತು, ಅವರು ಮಾತ್ರ ಬೇಜಾರಲ್ಲಿದ್ರು: "ಡಾಕ್ಟ್ರೇ, ಇಷ್ಟೆಲ್ಲಾ ಮಾಡಿದ್ರಿ, ನೊಣ ಹೋಗಿಲ್ವಲ್ಲ." ಲೇಸರ್ ಮಾಡಿದ್ದು ನೊಣಕ್ಕಲ್ಲ ಮೇಷ್ಟ್ರೇ, ಗೋಡೆಗೆ ಅಂತ ಹೇಳಿ ಬಲಗಣ್ಣಿಗೂ ಡ್ರಾಪ್ಸ್ ಹಾಕಿದೆ, ಒಂದು ಕಣ್ಣಲ್ಲಿ ಜೆಲ್ಲು ಬಿಟ್ಟ ಮೇಲೆ ಇನ್ನೊಂದರಲ್ಲೂ ಕೆಲವು ವರ್ಷದಲ್ಲಿ ಬಿಡೋದು ಸಾಮಾನ್ಯ. ಅಲ್ಲಿ ಅಂಚಲ್ಲಿ ಒಂದು ತೆಳುವಾದ ಪಟ್ಟಿ ಇತ್ತು, ಹರುಕು ಇರಲಿಲ್ಲ, ಅದನ್ನ ಚಿತ್ರ ಬರೆದು ಫೈಲಲ್ಲಿ ಇಟ್ಟೆ. ಈಗ ಅವರು ದಿನಾ ಬೆಳಗ್ಗೆ ಕಾಫಿ ಕುಡಿಯೋ ಮುಂಚೆ ಎಡಗಣ್ಣು ಮುಚ್ಚಿ ಗೋಡೆ ಕ್ಯಾಲೆಂಡರಿನ ನಡುವೆ ದಿಟ್ಟಿಸ್ತಾರಂತೆ, ನಾಲ್ಕೂ ಮೂಲೆ ಕಾಣ್ತಿದೆಯಾ ಅಂತ, ಆಮೇಲೆ ಬಲಗಣ್ಣು ಮುಚ್ಚಿ ಇನ್ನೊಂದು ಸಲ. ನಮಸ್ಕಾರ.