ಆ ಸೊನ್ನೆಯನ್ನು ಏನು ಮಾಡುತ್ತೀರಿ?

ನಮಸ್ಕಾರ. ಇವತ್ತು ಒಂದೇ ಒಂದು ಸಾಲಿನ ಕೋಡ್ ಬಗ್ಗೆ ತಕರಾರು ತೆಗೆಯೋಣ. ಫೋನ್ ನಂಬರಿನಿಂದ ಸ್ಪೇಸ್, ಹೈಫನ್, ಬ್ರಾಕೆಟ್ ಎಲ್ಲ ಕಿತ್ತು ಹಾಕಿ, ಮುಂದೆ ಕಂಟ್ರಿ ಕೋಡ್ ಅಂಟಿಸುವ ಸಾಲು. ನೀವೂ ಬರೆದಿರುತ್ತೀರಿ, ಅಲ್ವಾ?

```python
n = "+44" + re.sub(r"\D", "", s)
```

ಮೊದಲು ನಮಗೆ ಬೇಕಾದ ರೂಪ ಯಾವುದು ನೋಡೋಣ. ಅದರ ಹೆಸರು E.164. ಅಂತರರಾಷ್ಟ್ರೀಯ ದೂರಸಂಪರ್ಕ ಸಂಸ್ಥೆ ಐಟಿಯು ಮಾಡಿದ ನಿಯಮ. ಒಂದು ಪ್ಲಸ್, ಅದರ ಹಿಂದೆ ಒಂದರಿಂದ ಮೂರು ಅಂಕಿಯ ಕಂಟ್ರಿ ಕೋಡ್, ಆಮೇಲೆ ದೇಶದೊಳಗಿನ ನಂಬರ್. ಪ್ಲಸ್ ಬಿಟ್ಟು ಒಟ್ಟು 15 ಅಂಕಿ ಮೀರಬಾರದು. ಅಷ್ಟೇ.

ಈಗ ಲಂಡನ್ನಿನ ಒಂದು ನಂಬರ್ ತೆಗೆದುಕೊಳ್ಳಿ. ಯಾರದೂ ಅಲ್ಲ, ನಾಟಕ ಸಿನಿಮಾಗಳಲ್ಲಿ ಬಳಸಲಿ ಅಂತಲೇ ಎತ್ತಿಟ್ಟಿರುವ ಸರಣಿಯದು. ಇದು ಆಗಬೇಕಾದದ್ದು `+442079460958`. ಆದರೆ ಫಾರ್ಮಿನಲ್ಲಿ ಜನ ಅದನ್ನು ಮೂರು ಥರ ಬರೆಯುತ್ತಾರೆ.

```
020 7946 0958
+44 (0)20 7946 0958
00 44 20 7946 0958
```

ಮೇಲಿನ ಸಾಲಿಗೆ ಇವನ್ನು ಕೊಟ್ಟು ನೋಡಿ. ಮೊದಲನೆಯದು `+4402079460958` ಆಗುತ್ತದೆ. ನಡುವೆ ಒಂದು ಸೊನ್ನೆ ಜಾಸ್ತಿ. ಎರಡನೆಯದು `+444402079460958`, ಕಂಟ್ರಿ ಕೋಡ್ ಎರಡು ಸಲ ಬಂತು, ಸೊನ್ನೆಯೂ ಉಳಿಯಿತು. ಮೂರನೆಯದರಲ್ಲಿ 16 ಅಂಕಿ. ಮೂರೂ ತಪ್ಪೇ. ಆದರೆ 15 ಅಂಕಿಯ ಮಿತಿ ಮಾತ್ರ ಪರೀಕ್ಷಿಸಿದರೆ ಸಿಕ್ಕಿಬೀಳುವುದು ಮೂರನೆಯದು ಒಂದೇ. ಎರಡನೆಯದು ಎಣಿಸಿದಂತೆ ಸರಿಯಾಗಿ 15! ಸಲೀಸಾಗಿ ಡೇಟಾಬೇಸಿಗೆ ಹೋಗಿ ಕೂರುತ್ತದೆ. ಎಸ್ಎಂಎಸ್ ಹೋಗಲಿಲ್ಲ ಅಂತ ಯಾರಾದರೂ ದೂರು ಕೊಟ್ಟಾಗಲೇ ಗೊತ್ತಾಗುವುದು.

ಆ ಸೊನ್ನೆ ಎಲ್ಲಿಂದ ಬಂತು? ಅದು ನಂಬರಿನ ಭಾಗವೇ ಅಲ್ಲ. ಬ್ರಿಟನ್ನಿನ ಒಳಗೇ ಫೋನ್ ಮಾಡುವಾಗ ಮುಂದೆ ಒತ್ತುವ ಅಂಕಿ. ಇದಕ್ಕೆ ಟ್ರಂಕ್ ಪ್ರಿಫಿಕ್ಸ್ ಅಂತಾರೆ. ಹೊರದೇಶದಿಂದ ಒತ್ತುವಾಗ ಅದು ಬೇಡ. ಆ `(0)` ಇದೆಯಲ್ಲ, "ಒಳಗಿದ್ದರೆ ಒತ್ತಿ, ಹೊರಗಿದ್ದರೆ ಬಿಡಿ" ಅಂತ ಓದುವ ಮನುಷ್ಯರಿಗೆ ಕೊಟ್ಟ ಸೂಚನೆ. ನಿಮ್ಮ ರೆಜೆಕ್ಸ್ ಬ್ರಾಕೆಟ್ ತೆಗೆದು ಸೊನ್ನೆ ಉಳಿಸಿತು, ಸೂಚನೆ ಹೋಗಿ ಅಂಕಿ ಮಾತ್ರ ಉಳಿಯಿತು.

"ಹಾಗಾದರೆ ಮುಂದಿನ ಸೊನ್ನೆಯನ್ನು ಯಾವಾಗಲೂ ಕಿತ್ತು ಹಾಕಿದರಾಯಿತು" ಅಂತೀರಾ? ಇಟಲಿಗೆ ಬನ್ನಿ. ಅಲ್ಲಿ ರೋಮ್ ನಗರದ ಲ್ಯಾಂಡ್‌ಲೈನ್ 06 ಅಂತ ಶುರುವಾಗುತ್ತದೆ. ಹೊರಗಿನಿಂದ ಒತ್ತುವಾಗಲೂ +39 06 ಅಂತಲೇ ಒತ್ತಬೇಕು. ಅಲ್ಲಿ ಸೊನ್ನೆ ನಂಬರಿನದೇ ಭಾಗ. ರಷ್ಯಾದಲ್ಲಿ ಟ್ರಂಕ್ ಪ್ರಿಫಿಕ್ಸ್ ಸೊನ್ನೆಯೇ ಅಲ್ಲ, 8. ಹಾಗಾಗಿ ದೇಶ ಯಾವುದು ಅಂತ ತಿಳಿಯದೆ ಒಂದು ಅಂಕಿಯನ್ನೂ ಮುಟ್ಟಬಾರದು ಅನ್ನುವುದು ನನ್ನ ವಾದ.

"91ರಿಂದ ಶುರುವಾದರೆ ಅದು ಕಂಟ್ರಿ ಕೋಡ್, ತೆಗೆದುಬಿಡು" ಅನ್ನುವ ಜಾಣತನವೂ ಇದೇ ಜಾತಿಯದು. ಭಾರತದಲ್ಲಿ 91ರಿಂದಲೇ ಶುರುವಾಗುವ ಹತ್ತು ಅಂಕಿಯ ಮೊಬೈಲ್ ನಂಬರುಗಳು ಬೇಕಾದಷ್ಟಿವೆ. ಅವು ಎಂಟು ಅಂಕಿಗೆ ಇಳಿದುಬಿಡುತ್ತವೆ.

ಹಾಗಾದರೆ ಕ್ರಮ ಏನು? ಏನನ್ನೂ ತೆಗೆಯುವ ಮೊದಲು ಮುಂದೆ ಪ್ಲಸ್ ಇದೆಯಾ ನೋಡಿ. ಇದ್ದರೆ ದೇಶ ಗೊತ್ತಾಯಿತು. ಇಲ್ಲದಿದ್ದರೆ ಬಳಕೆದಾರರನ್ನೇ ಕೇಳಿ, ಫಾರ್ಮಿನಲ್ಲಿ ದೇಶದ ಪಟ್ಟಿ ಇಡಿ. ಹೊರದೇಶಕ್ಕೆ ಒತ್ತುವ 00 ಮುಂದೆ ಕಂಡರೂ ಅವರು ಎಲ್ಲಿಂದ ಬರೆಯುತ್ತಿದ್ದಾರೆ ಅನ್ನುವುದು ಬೇಕು, ಯಾಕೆಂದರೆ ಅಮೆರಿಕದಲ್ಲಿ ಹೊರದೇಶಕ್ಕೆ ಒತ್ತುವುದು 011, ಆಸ್ಟ್ರೇಲಿಯಾದಲ್ಲಿ 0011. ಉಳಿದ ನಿಯಮಗಳನ್ನು ನೀವೇ ಬರೆಯಬೇಡಿ. ಗೂಗಲ್‌ನ libphonenumber ಲೈಬ್ರರಿ ಇದೆ, ಪೈಥಾನ್‌ನಲ್ಲಿ ಅದರ ಹೆಸರು phonenumbers.

```python
p = phonenumbers.parse(s, "GB")
phonenumbers.format_number(
    p, phonenumbers.PhoneNumberFormat.E164)
```

ಇಲ್ಲಿ `GB` ಅಂದರೆ ಬ್ರಿಟನ್, ಬಳಕೆದಾರರು ಆರಿಸಿದ ದೇಶ. ಆ ಮೂರೂ ಬರಹಗಳಿಗೆ ಇದರಿಂದ ಒಂದೇ ಉತ್ತರ ಬರುತ್ತದೆ. ಇಟಲಿಯ ಸೊನ್ನೆಗೆ ಅಂತಲೇ ಅದರೊಳಗೆ `italian_leading_zero` ಅನ್ನುವ ಜಾಗ ಇದೆ. ನೋಡಿದಾಗ ನಗು ಬಂತು, ಆದರೆ ಬರೆದವರಿಗೆ ಎಷ್ಟು ತಲೆನೋವಾಗಿರಬೇಕು!

ನಮ್ಮ ಭಾಷೆಗೇ ಸಂಬಂಧಿಸಿದ ಒಂದು ಸಣ್ಣ ಮಾತು. ಯಾರಾದರೂ ೯೮ ಅಂತ ಕನ್ನಡ ಅಂಕಿಯಲ್ಲಿ ಬರೆದರೆ ಪೈಥಾನ್‌ನ `\D` ಅದನ್ನು ಹಾಗೇ ಉಳಿಸುತ್ತದೆ. ಜಾವಾಸ್ಕ್ರಿಪ್ಟ್‌ನ `\D` ಸುಮ್ನೆ ಅಳಿಸಿಬಿಡುತ್ತದೆ. ಒಂದೇ ರೆಜೆಕ್ಸ್, ಎರಡು ಫಲ.

ಕೊನೆಗೆ ಉಳಿಸುವ ವಿಷಯ. ನಂಬರನ್ನು ಟೆಕ್ಸ್ಟ್ ಆಗಿ ಇಡಿ, ಇಂಟೀಜರ್ ಮಾಡಿದರೆ ಪ್ಲಸ್ಸೂ ಹೋಗುತ್ತದೆ, ಮುಂದಿನ ಸೊನ್ನೆಯೂ ಹೋಗುತ್ತದೆ. ಬಳಕೆದಾರರು ಬರೆದ ಮೂಲವನ್ನೂ ಪಕ್ಕದ ಕಾಲಮ್ಮಿನಲ್ಲಿ ಉಳಿಸಿಕೊಳ್ಳಿ. ದೇಶ ಗೊತ್ತಾಗದಿದ್ದರೆ E.164 ಕಾಲಮ್ ಖಾಲಿಯೇ ಇರಲಿ. ಊಹೆ ಮಾಡಿ ತುಂಬಿದ ನಂಬರಿಗೆ ಓಟಿಪಿ ಕಳಿಸಿದರೆ ಅದು ಬೇರೆ ಯಾರದೋ ಫೋನಿಗೆ ಹೋಗಬಹುದು.