ಅಸ್ಸೇ 93.1 ಬಂತು: ಲ್ಯಾಬ್‌ನಿಂದ ಪ್ರೊಡಕ್ಷನ್‌ಗೆ ಹೋಗುವ ಆ ಇಮೇಲ್

ನಮಸ್ಕಾರ. ನಂಜನಗೂಡಿನ ಕೈಗಾರಿಕಾ ಪ್ರದೇಶದಿಂದ ಒಬ್ಬರು ಕೇಳಿದ್ದಾರೆ. ಅವರು ಮಾತ್ರೆ ತಯಾರಿಕೆಯ ಪ್ರೊಡಕ್ಷನ್ ನೋಡಿಕೊಳ್ಳುತ್ತಾರೆ. "ಕ್ಯೂಸಿಯವರು ಓಓಎಸ್ ಅಂತ ಇಮೇಲ್ ಹಾಕಿ ಬ್ಯಾಚ್ ನಿಲ್ಲಿಸ್ತಾರೆ. ಇನ್ನೊಂದು ಸಲ ಟೆಸ್ಟ್ ಮಾಡಿದ್ರೆ ಮುಗೀತಲ್ವಾ?" ಕ್ಯೂಸಿ ಅಂದರೆ ಗುಣಮಟ್ಟ ಪರೀಕ್ಷಿಸುವ ಲ್ಯಾಬ್. ಓಓಎಸ್ ಅಂದರೆ ರಿಸಲ್ಟ್ ಮಿತಿಯಿಂದ ಹೊರಗೆ ಬಂದಿದೆ ಅಂತ. ಅಸ್ಸೇ ಅಂದರೆ ಮಾತ್ರೆಯಲ್ಲಿ ಇರಬೇಕಾದ ಔಷಧದಲ್ಲಿ ಶೇಕಡಾ ಎಷ್ಟು ಇದೆ ಅನ್ನೋ ಅಳತೆ. ಅಂಥ ಒಂದು ಇಮೇಲನ್ನು ಇವತ್ತು ಬಿಡಿಸಿ ನೋಡೋಣ.

[ಪರದೆ ಮೇಲೆ ಇಮೇಲ್]

"ಸರ್, ನಮಸ್ಕಾರ. ಪ್ಯಾರಾಸಿಟಮಾಲ್ 500 ಮಿ.ಗ್ರಾಂ ಮಾತ್ರೆಯ ಅಸ್ಸೇ 93.1% ಬಂದಿದೆ. ಮಿತಿ 95ರಿಂದ 105%. ಎರಡು ಸ್ಯಾಂಪಲ್ ತಯಾರಿಸಿದ್ದೆವು, 93.0 ಮತ್ತು 93.2 ಬಂದಿವೆ. ಕಾರಣ ಇನ್ನೂ ಗೊತ್ತಾಗಿಲ್ಲ. ದ್ರಾವಣಗಳನ್ನು ಚೆಲ್ಲಿಲ್ಲ. ಬ್ಯಾಚ್ ಹೋಲ್ಡ್‌ನಲ್ಲಿ ಇರಲಿ."

ಇದರಲ್ಲಿ ನನಗೆ ಬಹಳ ಇಷ್ಟವಾದ ಸಾಲು "ದ್ರಾವಣಗಳನ್ನು ಚೆಲ್ಲಿಲ್ಲ" ಅನ್ನೋದು. ಫ್ಲಾಸ್ಕ್ ತೊಳೆದುಬಿಟ್ಟರೆ ತಪ್ಪು ಎಲ್ಲಾಯಿತು ಅಂತ ಹುಡುಕುವ ದಾರಿಯೇ ಮುಚ್ಚಿಹೋಗುತ್ತದೆ. ಯಾಕೆ ಅಂತ ಹೇಳ್ತೀನಿ.

ಟೆಸ್ಟ್ ಹೀಗೆ ನಡೆಯುತ್ತದೆ. 20 ಮಾತ್ರೆ ಪುಡಿ ಮಾಡುತ್ತಾರೆ. 150 ಮಿ.ಗ್ರಾಂ ಔಷಧ ಇರುವಷ್ಟು ಪುಡಿಯನ್ನು ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಅಲುಗಾಡಿಸಿ, 200 ಮಿ.ಲೀ. ಮಾಡಿ ಸೋಸುತ್ತಾರೆ. ಅದರಲ್ಲಿ 10 ಮಿ.ಲೀ. ತೆಗೆದು 100 ಮಾಡುತ್ತಾರೆ. ಮತ್ತೆ ಅದರಲ್ಲಿ 10 ತೆಗೆದು 100 ಮಾಡುತ್ತಾರೆ. ಆಮೇಲೆ ಆ ದ್ರಾವಣ ಎಷ್ಟು ಬೆಳಕು ಹೀರುತ್ತದೆ ಅಂತ ಯುವಿ ಮೆಷಿನ್‌ನಲ್ಲಿ 257 ನ್ಯಾನೋಮೀಟರ್‌ಗೆ ಓದುತ್ತಾರೆ. ಮಾತ್ರೆಯಲ್ಲಿ ಪೂರ್ತಿ ಔಷಧ ಇದ್ದರೆ 0.536 ಬರಬೇಕು. ಇಲ್ಲಿ ಬಂದಿದ್ದು 0.499 ಆಸುಪಾಸು.

ಈಗ ಪಿಪೆಟ್ ನೋಡಿ. ಎರಡು ಸಲವೂ ಒಂದೇ ಪಿಪೆಟ್‌ನಿಂದ 10 ಮಿ.ಲೀ. ತೆಗೆದಿದ್ದಾರೆ. ಅದು ಪ್ರತಿ ಸಲ 9.65 ಮಾತ್ರ ಬಿಟ್ಟಿದ್ದರೆ? 0.965 ಗುಣಿಸು 0.965, ಅಂದರೆ 0.931. ಸರಿಯಾಗಿ 93.1! ಮೊದಲ ಸಲ ಈ ಲೆಕ್ಕ ಹಾಕಿದಾಗ ನನಗೆ ಮೈ ಜುಮ್ಮೆಂದಿತ್ತು.

ಆದರೆ ಇಲ್ಲೇ ನಿಧಾನ ಮಾಡಬೇಕು. ಲೆಕ್ಕ ಕೂಡಿತು ಅಂದಮಾತ್ರಕ್ಕೆ ಕಾರಣ ಸಿಕ್ಕಿತು ಅಂತಲ್ಲ. 0.35 ಮಿ.ಲೀ. ಅಂದರೆ ಸುಮಾರು ಏಳು ಹನಿ. ಒಳ್ಳೆಯ ಪಿಪೆಟ್‌ಗೆ ಇರುವ ತಪ್ಪಿನ ಮಿತಿ 0.02 ಮಿ.ಲೀ. ತುದಿ ಸ್ವಲ್ಪ ಮುಕ್ಕಾದರೆ ಇಷ್ಟೊಂದು ಕಡಿಮೆ ಆಗೋದು ಕಷ್ಟ. ಹಾಗಾಗಿ ಆ ಪಿಪೆಟ್‌ನಿಂದ ನೀರು ಬಿಟ್ಟು ತೂಗಬೇಕು. 25 ಡಿಗ್ರಿಯಲ್ಲಿ 10 ಮಿ.ಲೀ. ನೀರು ಸುಮಾರು 9.97 ಗ್ರಾಂ ತೂಗುತ್ತದೆ. 9.62 ಬಂದರೆ ಪಿಪೆಟ್ ಸಿಕ್ಕಿಬಿತ್ತು. 9.97 ಬಂದರೆ ಪಿಪೆಟನ್ನು ದೂರುವಂತಿಲ್ಲ.

ಇನ್ನೊಂದು ಸುಳಿವು, ಎರಡೂ ರಿಸಲ್ಟ್ ಹತ್ತಿರ ಹತ್ತಿರ ಇವೆ. ಒಂದು ಸಲ ಕೈತಪ್ಪಿದ್ದರೆ ಒಂದು ಮಾತ್ರ ಬಿದ್ದಿರುತ್ತಿತ್ತು. ಅಂದರೆ ಕಾರಣ ಎರಡಕ್ಕೂ ಸೇರಿದ್ದು. ಅದೇ ಪಿಪೆಟ್, ಅದೇ ಮೆಷಿನ್, ಅದೇ ಕಾಸ್ಟಿಕ್ ಸೋಡಾ, ಅಲುಗಾಡಿಸಿದ ರೀತಿ, ಇಲ್ಲವೇ ಮಾತ್ರೆಯೇ.

ತನಿಖೆ ಇದೇ ಅನುಮಾನಗಳನ್ನು ಒಂದೊಂದಾಗಿ ಕಳೆಯುತ್ತದೆ. ಇಟ್ಟ ದ್ರಾವಣವನ್ನೇ ಮತ್ತೆ ಓದಿದರೆ ಮೆಷಿನ್ ಹೇಗಿದೆ ಅಂತ ಗೊತ್ತಾಗುತ್ತದೆ. ಸೋಸಿದ ದ್ರಾವಣದಿಂದ ಬೇರೆ ಪಿಪೆಟ್‌ನಲ್ಲಿ ಹೊಸದಾಗಿ ತೆಳು ಮಾಡಿದರೆ ಪಿಪೆಟ್ ವಿಷಯ ತಿಳಿಯುತ್ತದೆ. ಸೋಸದೆ ಉಳಿದಿದ್ದನ್ನು ಇನ್ನಷ್ಟು ಅಲುಗಾಡಿಸಿದಾಗ ರೀಡಿಂಗ್ ಏರಿದರೆ, ಔಷಧ ಪೂರ್ತಿ ಕರಗಿರಲಿಲ್ಲ ಅಂತ ಅರ್ಥ. ಇದನ್ನೆಲ್ಲ ಅದೇ ದಿನ ಮಾಡಬೇಕು, ಯಾಕಂದರೆ ಕಾಸ್ಟಿಕ್ ಸೋಡಾದಲ್ಲಿ ಪ್ಯಾರಾಸಿಟಮಾಲ್ ನಿಧಾನಕ್ಕೆ ಕೆಡುತ್ತದೆ. ಈ ಓದುಗಳು ಕಾರಣ ಹುಡುಕಲು ಮಾತ್ರ. ಇವನ್ನು ತಂದು 93.1ರ ಜಾಗದಲ್ಲಿ ಕೂರಿಸುವಂತಿಲ್ಲ.

ಇನ್ನೊಂದು ಸಲ ಟೆಸ್ಟ್ ಮಾಡಿದ್ರೆ ಮುಗೀತಲ್ವಾ ಅನ್ನೋದಕ್ಕೆ ಈಗ ಬರ್ತೀನಿ. ಸುಮ್ನೆ ಪಾಸ್ ಆಗೋವರೆಗೆ ಟೆಸ್ಟ್ ಮಾಡಿದರೆ ಯಾವ ಬ್ಯಾಚ್ ಬೇಕಾದರೂ ಒಂದಲ್ಲ ಒಂದು ಸಲ ಪಾಸ್ ಆಗಿಬಿಡಬಹುದು. 1993ರಲ್ಲಿ ಅಮೆರಿಕದ ಕೋರ್ಟು ಬಾರ್ ಲ್ಯಾಬೊರೇಟರೀಸ್ ಪ್ರಕರಣದಲ್ಲಿ ಇದನ್ನೇ ತಪ್ಪು ಅಂದಿತು. ಮರುಟೆಸ್ಟ್ ಇದೆ. ಆದರೆ ಎಷ್ಟು ಸಲ ಅಂತ ಮೊದಲೇ ಬರೆದಿಟ್ಟು, ಅದೇ ಸ್ಯಾಂಪಲ್ಲನ್ನು ಇನ್ನೊಬ್ಬರ ಕೈಯಲ್ಲಿ ಮಾಡಿಸಬೇಕು.

ಸಮಯ ಆಗ್ತಾ ಬಂತು, ಪ್ರೊಡಕ್ಷನ್ ಕಡೆಯದು ಚಿಕ್ಕದಾಗಿ ಹೇಳ್ತೀನಿ. ಲ್ಯಾಬ್‌ನಲ್ಲಿ ಕಾರಣ ಸಿಗದಿದ್ದರೆ ಏನು ಬೇಕಾಗುತ್ತದೋ ಅದನ್ನು ಇಮೇಲ್‌ನ ಕೊನೆಯ ಭಾಗ ಮೊದಲೇ ಕೇಳುತ್ತದೆ:

"ಸರ್, ಔಷಧ ತೂಗಿದ ದಾಖಲೆ, ಬ್ಲೆಂಡ್ ಮಾಡಿದ ಸಮಯ, ಮಾತ್ರೆಯ ಸರಾಸರಿ ತೂಕ ಕಳಿಸಿ. ಕಂಪ್ರೆಷನ್‌ನ ಆರಂಭ, ಮಧ್ಯ, ಕೊನೆಯ ಮಾತ್ರೆಗಳನ್ನು ಬೇರೆ ಬೇರೆ ಇಡಿಸಿ. ತೂಕ ಸರಿ ಇದ್ದೂ ಔಷಧ ಕಡಿಮೆ ಇದ್ದರೆ ಬ್ಲೆಂಡಿಂಗ್ ಅಥವಾ ತೂಗುವ ಹಂತದಿಂದ ನೋಡಬೇಕಾಗುತ್ತದೆ. ಪಿಪೆಟ್ ತೂಕ ಇವತ್ತು ಸಂಜೆ ಸಿಗುತ್ತದೆ, ಬಂದ ಕೂಡಲೇ ತಿಳಿಸುತ್ತೇನೆ."